ಒಂದು ಸ್ಲೇಟು, ಒಂದು ಪಾಸ್‌ಬುಕ್: ಕಂಪ್ಯೂಟರ್ ಮುಟ್ಟುವ ಮೊದಲು ನಾಲ್ಕು ಭಾನುವಾರ



ಹೋದ ವರ್ಷ ನಮ್ಮ ಕೌಂಟರಿಗೆ ಒಬ್ಬರು ನೇಕಾರರು ಬಂದರು. ಆರ್‌ಡಿ ಮುರಿಸಬೇಕು ಅಂದರು. ಅವಧಿ ಮುಗಿಯೋಕೆ ಇನ್ನೂ ಐದು ತಿಂಗಳಿತ್ತು. "ಯಾಕಣ್ಣ, ಆಸ್ಪತ್ರೆ ಖರ್ಚಾ?" ಅಂತ ಕೇಳಿದೆ. "ಇಲ್ಲಪ್ಪ, ಮಗಳಿಗೆ ಕೋಡಿಂಗ್ ಕ್ಲಾಸು. ಟ್ಯಾಬ್ ಬೇರೆ ತಗೋಬೇಕಂತೆ" ಅಂದರು. ಮಗಳು ಐದನೇ ಕ್ಲಾಸು, ವಯಸ್ಸು ಹತ್ತು. ಅರ್ಜಿ ತಗೊಂಡೆ, ಸೀಲ್ ಹಾಕಿದೆ, ದುಡ್ಡು ಕೊಟ್ಟೆ. ಬೇಡ ಅನ್ನೋಕೆ ನಾನ್ಯಾರು? ಆದರೆ ಆ ಮಗು ಮೊದಲ ಎರಡು ತಿಂಗಳು ಕಲಿಯೋದು ಏನು ಅಂತ ಆಮೇಲೆ ವಿಚಾರಿಸಿದೆ. "ಇದನ್ನು ಇಷ್ಟು ಸಲ ಮಾಡು" ಅನ್ನೋದು ಒಂದು, "ಈ ಸಂಖ್ಯೆಯನ್ನು ನೆನಪಿಟ್ಟುಕೋ, ಆಮೇಲೆ ಬದಲಾಯಿಸು" ಅನ್ನೋದು ಇನ್ನೊಂದು. ಒಂದು ಲೂಪ್, ಇನ್ನೊಂದು ವೇರಿಯಬಲ್. ಇವೆರಡಕ್ಕೆ ಆರ್‌ಡಿ ಮುರಿಸಬೇಕಿಲ್ಲ. ಚೌಕುಳಿ ಕಾಗದ, ಕತ್ತರಿ, ಒಂದು ಸ್ಲೇಟು ಸಾಕು. ಟ್ಯಾಬ್ ಇದ್ದ ಮನೆಯಲ್ಲೂ ಮೊದಲ ನಾಲ್ಕು ವಾರ ಅದನ್ನು ಬೀರುವಿನಲ್ಲಿ ಇಡೋದೇ ಒಳ್ಳೇದು ಅನ್ನೋದು ನನ್ನ ವಾದ.

ಇದು ಬರೀ ನನ್ನ ಅನಿಸಿಕೆಯಲ್ಲ. ನೆದರ್ಲೆಂಡ್ಸಿನ ಫೆಲಿಯನ್ ಹರ್ಮನ್ಸ್ ಮತ್ತು ಎಫ್ತಿಮಿಯಾ ಐವಾಲೊಗ್ಲೂ ಅನ್ನೋ ಸಂಶೋಧಕಿಯರು 2017ರಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಪ್ರಾಥಮಿಕ ಶಾಲೆಯ 35 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲ ದಿನದಿಂದಲೇ ಕಂಪ್ಯೂಟರಿನಲ್ಲಿ ಸ್ಕ್ರ್ಯಾಚ್. ಇನ್ನೊಂದು ಗುಂಪಿಗೆ ನಾಲ್ಕು ವಾರ ಕಂಪ್ಯೂಟರ್ ಇಲ್ಲದ ಪಾಠ, ಆಮೇಲೆ ನಾಲ್ಕು ವಾರ ಸ್ಕ್ರ್ಯಾಚ್. ಎಂಟು ವಾರದ ಕೊನೆಗೆ ಅಳೆದು ನೋಡಿದರೆ, ವಿಷಯ ಅರ್ಥವಾಗಿರೋದರಲ್ಲಿ ಎರಡು ಗುಂಪಿಗೂ ವ್ಯತ್ಯಾಸವೇ ಇಲ್ಲ. ಅಂದರೆ ಕಂಪ್ಯೂಟರ್ ಇಲ್ಲದ ನಾಲ್ಕು ವಾರ ವ್ಯರ್ಥವಾಗಲಿಲ್ಲ. ಇನ್ನೂ ಒಂದು ವಿಷಯ ಕಂಡಿತು: ಕಂಪ್ಯೂಟರ್ ಇಲ್ಲದೆ ಶುರು ಮಾಡಿದ ಮಕ್ಕಳಿಗೆ "ನನಗೆ ಇದು ಬರುತ್ತೆ" ಅನ್ನೋ ಧೈರ್ಯ ಹೆಚ್ಚಿತ್ತು, ಸ್ಕ್ರ್ಯಾಚ್‌ನಲ್ಲಿ ಅವರು ಹೆಚ್ಚು ಬಗೆಯ ಬ್ಲಾಕ್‌ಗಳನ್ನು ಬಳಸಿದರು. 35 ಮಕ್ಕಳು ಅನ್ನೋದು ಸಣ್ಣ ಲೆಕ್ಕ, ಒಪ್ಪುತ್ತೇನೆ. ಆದರೆ "ಕಂಪ್ಯೂಟರ್ ಇಲ್ಲದಿದ್ರೆ ಶುರುವೇ ಮಾಡೋಕಾಗಲ್ಲ" ಅನ್ನೋ ಮಾತಿಗೆ ಅಷ್ಟು ಉತ್ತರ ಸಾಕು.

ನಮ್ಮ ಬೀದಿಗಳಿಗೆ ಇದು ಹೊಸದೂ ಅಲ್ಲ. ಸಿರುಮುಗೈ ಕಡೆ ಹೋದರೆ ಜಕಾರ್ಡ್ ಮಗ್ಗದ ಮೇಲೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಸರಪಳಿ ನೇತಾಡೋದನ್ನು ನೀವೆಲ್ಲ ನೋಡಿದ್ದೀರಿ. ಮೊದಲು ಚೌಕುಳಿ ಕಾಗದದಲ್ಲಿ ಡಿಸೈನ್ ಬರೀತಾರೆ. ಅದನ್ನು ನೋಡಿ ಕಾರ್ಡಿಗೆ ತೂತು ಹೊಡೀತಾರೆ. ಯಾವ ಹಾಸಿನ ಎಳೆ ಮೇಲೆ ಏಳಬೇಕು ಅಂತ ಹೊಕ್ಕಿನ ಒಂದೊಂದು ಸಾಲಿಗೂ ಒಂದೊಂದು ಕಾರ್ಡು ಹೇಳುತ್ತೆ. ಕೊನೆಯ ಕಾರ್ಡನ್ನು ಮೊದಲ ಕಾರ್ಡಿಗೆ ದಾರದಲ್ಲಿ ಕಟ್ಟಿಬಿಟ್ಟರೆ ಸರಪಳಿ ಸುತ್ತುತ್ತಲೇ ಇರುತ್ತೆ, ಅದೇ ಡಿಸೈನ್ ಸೀರೆ ಉದ್ದಕ್ಕೂ ಮರಳಿ ಮರಳಿ ಬರುತ್ತೆ. ಲೂಪ್ ಅಂದರೆ ಅದೇ. ಕಾಗದದಲ್ಲಿ ಯೋಚನೆ ಮುಗಿಸಿ ಆಮೇಲೆ ಯಂತ್ರಕ್ಕೆ ಕೊಡೋದು ನಮ್ಮ ಅಜ್ಜಂದಿರ ಕಾಲದಿಂದ ಇರೋ ಕೆಲಸ.

ಈಗ ನಾಲ್ಕು ಭಾನುವಾರ ನಾವು ಏನು ಮಾಡಿದೆವು, ಎಲ್ಲಿ ಎಡವಿದೆವು ಅಂತ ಹೇಳ್ತೀನಿ. ಎಂಟು ಮಕ್ಕಳು, ನಾಲ್ಕು ಜೋಡಿ, ದಿನಕ್ಕೆ ಒಂದು ಗಂಟೆ.

ಮೊದಲ ಭಾನುವಾರ: ಬಾಯಿ ಮುಚ್ಚಿದ ಯಜಮಾನ

ರಟ್ಟು ಕತ್ತರಿಸಿ ಮೂರೇ ಬಗೆಯ ಬ್ಲಾಕ್ ಮಾಡಿದೆವು: "ತುಂಬು" (ನಿಂತ ಮನೆಗೆ ಬಣ್ಣ ಹಚ್ಚು), "ಬಲಕ್ಕೆ" (ಒಂದು ಮನೆ ಬಲಕ್ಕೆ ಹೋಗು), "ಕೆಳಸಾಲು" (ಮುಂದಿನ ಸಾಲಿನ ಎಡತುದಿಗೆ ಹೋಗು). ಒಂದೊಂದಕ್ಕೂ ಒಂದೊಂದು ಬಣ್ಣ. ಜೋಡಿಯಲ್ಲಿ ಒಬ್ಬರು ಬ್ಲಾಕ್ ಜೋಡಿಸೋ ಯಜಮಾನ, ಇನ್ನೊಬ್ಬರು ಯಂತ್ರ. ಯಂತ್ರವಾದವರು ಚೌಕುಳಿ ಕಾಗದದ ಮೇಲೆ ಹುಣಸೆ ಬೀಜ ಇಟ್ಟು, ಬ್ಲಾಕಿನ ಮೇಲೆ ಬೆರಳಿಟ್ಟು ಓದಿ, ಹೇಳಿದಷ್ಟೇ ಮಾಡಬೇಕು. ಯಜಮಾನ ಬಾಯಿ ತೆರೆಯಬಾರದು.

ಇಲ್ಲಿ ಬರೋ ಮೊದಲ ತೊಂದರೆ ನೋಡೋಕೆ ತೊಂದರೆ ಥರ ಕಾಣಲ್ಲ. ಯಂತ್ರವಾದ ಮಗುವಿಗೆ ಕರುಣೆ ಜಾಸ್ತಿ. ಬ್ಲಾಕಿನಲ್ಲಿ ಒಂದು "ಬಲಕ್ಕೆ" ಬಿಟ್ಟುಹೋಗಿದ್ದರೂ ಗೆಳೆಯನ ಮನಸ್ಸು ಅರ್ಥ ಮಾಡಿಕೊಂಡು ತಾನೇ ಬೀಜ ಸರಿಸಿಬಿಡುತ್ತೆ. ಚಿತ್ರ ಸರಿಯಾಗಿ ಬರುತ್ತೆ, ಬ್ಲಾಕ್ ತಪ್ಪಾಗೇ ಇರುತ್ತೆ, ಯಾರಿಗೂ ಗೊತ್ತಾಗಲ್ಲ. ಕಂಪ್ಯೂಟರ್ ಹೀಗೆ ಮಾಡಲ್ಲ. ಕಾಗದದ ಪಾಠದ ದೊಡ್ಡ ಕೊರತೆ ಇದೇ. ನಾವು ಕಂಡುಕೊಂಡ ಮದ್ದು: ಬರೆದ ಬ್ಲಾಕನ್ನು ಬೇರೆ ಜೋಡಿಗೆ ಕೊಡೋದು, ಯಾವ ಚಿತ್ರ ಬರಬೇಕು ಅಂತ ಅವರಿಗೆ ಹೇಳದೇ ಇರೋದು. ಬರಬೇಕಾದ ಚಿತ್ರವೇ ಗೊತ್ತಿಲ್ಲದ ಯಂತ್ರ ಕರುಣೆ ತೋರಿಸೋಕೆ ಆಗಲ್ಲ.

ಎರಡನೇ ಭಾನುವಾರ: ಬಾಯಿ ತೆರೆದ ಬ್ಲಾಕ್

ಹನ್ನೆರಡು ಮನೆಯ ಒಂದು ಸಾಲು. ಸೀರೆ ಅಂಚಿನ ಹಾಗೆ ಒಂದು ಮನೆ ತುಂಬಬೇಕು, ಒಂದು ಬಿಡಬೇಕು. ಹಳೇ ಬ್ಲಾಕಿನಲ್ಲೇ ಮಾಡಿ ಅಂದೆ. ತುಂಬು, ಬಲಕ್ಕೆ, ಬಲಕ್ಕೆ, ತುಂಬು, ಬಲಕ್ಕೆ, ಬಲಕ್ಕೆ... ಹತ್ತು ಹನ್ನೆರಡು ಬ್ಲಾಕ್ ಆಗುವಷ್ಟರಲ್ಲಿ ಒಬ್ಬ ಹುಡುಗಿ, "ಅಣ್ಣಾ, ಇದೇ ಇದೇ ತಾನೆ ಬರ್ತಿರೋದು!" ಅಂತ ಕೂಗಿದಳು. ಆ ಕೂಗಿಗೇ ಕಾಯಬೇಕು. ಬೇಜಾರಾಗೋ ಮೊದಲೇ ಲೂಪ್ ಕೊಟ್ಟರೆ ಅದು ಯಾಕೆ ಬೇಕು ಅಂತಲೇ ಗೊತ್ತಾಗಲ್ಲ.

ಆಗ ಹೊಸ ಬ್ಲಾಕ್ ಹೊರಗೆ ತೆಗೆದೆ. ಬಾಯಿ ತೆರೆದ ಆಕಾರ, ಮೇಲ್ದವಡೆಯಲ್ಲಿ "__ ಸಲ ಮಾಡು" ಅಂತ ಬರೆದಿದೆ. ಬಾಯಿಯೊಳಗೆ ಇಟ್ಟಿದ್ದು ಅಷ್ಟು ಸಲ ನಡೆಯುತ್ತೆ. ಹೊರಗೆ ಇಟ್ಟಿದ್ದು ಒಂದೇ ಸಲ.

```
6 ಸಲ ಮಾಡು
    ತುಂಬು
    ಬಲಕ್ಕೆ
    ಬಲಕ್ಕೆ
```

ಒಂದು ಜೋಡಿಯಲ್ಲಿ ಎರಡನೇ "ಬಲಕ್ಕೆ" ಬಾಯಿಯಿಂದ ಹೊರಗೆ ಜಾರಿತ್ತು. ಫಲಿತಾಂಶ: ಮೊದಲ ಆರು ಮನೆ ಒಂದರ ಪಕ್ಕ ಒಂದು ತುಂಬಿಹೋಯಿತು, ಬಿಟ್ಟ ಮನೆ ಒಂದೂ ಇಲ್ಲ. ಇಂಥ ಪಟ್ಟಿ ಕಂಡರೆ "ಬಿಡುವ ಕೆಲಸ ಬಾಯಿಯ ಒಳಗಿದೆಯಾ, ಹೊರಗಿದೆಯಾ?" ಅಂತ ಕೇಳಿದರೆ ಸಾಕು, ಮಗು ತಾನೇ ಕಂಡುಹಿಡಿಯುತ್ತೆ.

ಸರಿಯಾಗಿ ಜೋಡಿಸಿದವರಿಗೂ ಒಂದು ಜಗಳ ಬಂತು. 1, 3, 5, 7, 9, 11 ಮನೆ ತುಂಬಿ ಆದ ಮೇಲೆ ಬೀಜ ಎಲ್ಲಿ ನಿಂತಿದೆ? ಹನ್ನೊಂದರಿಂದ ಎರಡು ಹೆಜ್ಜೆ ಇಟ್ಟರೆ ಹದಿಮೂರು. ಸಾಲಿನಲ್ಲಿ ಹದಿಮೂರನೇ ಮನೆಯೇ ಇಲ್ಲ, ಬೀಜ ಕಾಗದದ ಹೊರಗೆ! "ಕೊನೇ ಸಲ ಮಾತ್ರ ನಿಂತುಬಿಡಲಿ" ಅಂತ ಒಬ್ಬ. "ನಿಲ್ಲೋಕಾಗಲ್ಲ, ಬಾಯೊಳಗಿದ್ದಿದ್ದು ಆರು ಸಲಾನೂ ಆಗಲೇಬೇಕು" ಅಂತ ಇನ್ನೊಬ್ಬ. ಎರಡನೆಯವನದೇ ಸರಿ. ಲೂಪಿಗೆ ಕೊನೇ ಸುತ್ತಿನ ಮೇಲೆ ವಿಶೇಷ ಪ್ರೀತಿ ಇಲ್ಲ. ಒಂದು ಸುತ್ತು ಮುಗಿದಾಗ ಬೀಜ ಮುಂದಿನ ಸುತ್ತಿಗೆ ಸರಿಯಾದ ಜಾಗದಲ್ಲಿ ನಿಂತಿರಬೇಕು, ಮುಂದಿನ ಸುತ್ತು ಇಲ್ಲದಿದ್ದರೂ ಅದು ಅಲ್ಲೇ ಹೋಗಿ ನಿಲ್ಲುತ್ತೆ. ಕಾಗದದಲ್ಲಿ ಹದಿಮೂರನೇ ಮನೆ ಬರೆದು ಜಗಳ ಮುಗಿಸಿದೆವು.

ಮೂರನೇ ಭಾನುವಾರ: ಡಬ್ಬಿ ಬೇಡ, ಸ್ಲೇಟು ಬೇಕು

ವೇರಿಯಬಲ್ ಅಂದರೆ ಹೆಸರು ಬರೆದ ಡಬ್ಬಿ, ಒಳಗೆ ಒಂದು ಬೆಲೆ ಅಂತ ತುಂಬಾ ಪುಸ್ತಕಗಳಲ್ಲಿ ಇರುತ್ತೆ. ನಾನೂ ಬೆಂಕಿಪೊಟ್ಟಣ ತಗೊಂಡು ಹೋದೆ. 3 ಅಂತ ಬರೆದ ಚೀಟಿ ಒಳಗಿತ್ತು. "ಈಗ 5 ಹಾಕಿ" ಅಂದೆ. ಹಾಕಿದರು. "ಈಗ ಒಳಗೆ ಎಷ್ಟಿದೆ?" ಅಂದೆ. ಒಬ್ಬಳು ಮೂರು ಮತ್ತು ಐದು ಅಂದಳು. ಒಬ್ಬ ಎಂಟು ಅಂದ. ಇಬ್ಬರ ತಪ್ಪೂ ಅಲ್ಲ. ಡಬ್ಬಿಯಲ್ಲಿ ಎರಡು ಚೀಟಿ ಹಿಡಿಯುತ್ತಲ್ಲ! ಡಬ್ಬಿ ಹೋಲಿಕೆಯಿಂದ ಇಂಥ ತಪ್ಪು ಕಲ್ಪನೆ ಬರುತ್ತೆ ಅಂತ ಬ್ರಿಟನ್ನಿನ ಬೆನೆಡಿಕ್ಟ್ ಡು ಬೂಲೇ 1986ರಲ್ಲೇ ಬರೆದಿದ್ದಾರೆ. ನಾನು ಎಡವಿದ ಮೇಲೆ ಅದನ್ನು ಓದಿದೆ.

ಸ್ಲೇಟಿನಲ್ಲಿ ಈ ತೊಂದರೆ ಇಲ್ಲ. ಮೇಲೆ "ಉದ್ದ" ಅಂತ ಹೆಸರು, ಕೆಳಗೆ ಒಂದೇ ಸಂಖ್ಯೆಗೆ ಜಾಗ. ಹೊಸದು ಬರೀಬೇಕಾದರೆ ಹಳೇದನ್ನು ಒರೆಸಲೇಬೇಕು. ಒರೆಸಿದ ಮೇಲೆ ಹಳೇದು ಹೋಯ್ತು, ಯಾರನ್ನು ಕೇಳಿದರೂ ಸಿಗಲ್ಲ. ಸ್ಲೇಟಿಗೆ ಎರಡು ಬ್ಲಾಕ್ ಮಾಡಿದೆವು: "ಉದ್ದ __ ಆಗಲಿ", ಅಂದರೆ ಇದ್ದದ್ದು ಏನೇ ಇರಲಿ ಒರೆಸಿ ಇದನ್ನು ಬರಿ, "ಉದ್ದಕ್ಕೆ __ ಸೇರಿಸು", ಅಂದರೆ ಇದ್ದದ್ದನ್ನು ಓದು, ಕೂಡು, ಒರೆಸು, ಬಂದದ್ದನ್ನು ಬರಿ. ಈ ಎರಡರ ವ್ಯತ್ಯಾಸಕ್ಕೆ ಒಂದು ಗಂಟೆ ಪೂರ್ತಿ ಕೊಟ್ಟೆ. ಸ್ಲೇಟಿನಲ್ಲಿ 4 ಇದ್ದಾಗ "2 ಆಗಲಿ" ಅಂದರೆ 2. "2 ಸೇರಿಸು" ಅಂದರೆ 6. ಇದು ಗಟ್ಟಿಯಾಗದೆ ಮುಂದೆ ಹೋದರೆ ನಾಲ್ಕನೇ ವಾರ ಪೂರ್ತಿ ಕುಸಿಯುತ್ತೆ.

ಭಾಷೆಯ ಮಾತು ಇಲ್ಲೇ ಬರುತ್ತೆ. ನಮ್ಮ ಮಕ್ಕಳು ಮನೆಯಲ್ಲಿ ಮಾತಾಡೋದು ಕನ್ನಡ, ಶಾಲೆಯಲ್ಲಿ ಓದೋದು ತಮಿಳು ಇಲ್ಲಾ ಇಂಗ್ಲಿಷು. ಎಂಟರಲ್ಲಿ ಆರು ಮಕ್ಕಳಿಗೆ ಕನ್ನಡ ಅಕ್ಷರ ಬರ್ತಿರಲಿಲ್ಲ. "ಚರಾಕ್ಷರ", "ಪುನರಾವರ್ತನೆ" ಅಂತ ಪುಸ್ತಕದ ಪದ ಹಿಡಿದಿದ್ರೆ ಮೊದಲ ದಿನವೇ ಎದ್ದು ಹೋಗ್ತಿದ್ರು. "ಸಲ", "ಆಗಲಿ", "ಸೇರಿಸು" ಅವರ ಬಾಯಲ್ಲಿ ಆಗಲೇ ಇರೋ ಮಾತು. ಬ್ಲಾಕಿನ ಬಣ್ಣ ಮತ್ತು ಆಕಾರ ಹಿಡಿದು ಗುರುತಿಸ್ತಿದ್ದವರು ಮೂರನೇ ವಾರಕ್ಕೆ ಆ ಪದಗಳನ್ನು ಕನ್ನಡ ಅಕ್ಷರದಲ್ಲೇ ಗುರುತಿಸೋಕೆ ಶುರು ಮಾಡಿದರು. ಅಕ್ಷರ ಕಲಿಸ್ತೀನಿ ಅಂತ ನಾನು ಹೊರಟಿರಲಿಲ್ಲ. ಬ್ಲಾಕ್ ಓದದಿದ್ರೆ ಬೀಜ ನಡೆಯಲ್ಲ, ಅಷ್ಟೇ.

ನಾಲ್ಕನೇ ಭಾನುವಾರ: ಪಾಸ್‌ಬುಕ್

ಈಗ ಲೂಪು ಮತ್ತು ಸ್ಲೇಟು ಒಟ್ಟಿಗೆ. ಗೋಪುರದ ಅಂಚಿನ ಅರ್ಧ ಅಂದುಕೊಳ್ಳಿ: ಮೊದಲ ಸಾಲಿನಲ್ಲಿ ಒಂದು ಮನೆ, ಎರಡರಲ್ಲಿ ಎರಡು, ಮೂರರಲ್ಲಿ ಮೂರು, ನಾಲ್ಕರಲ್ಲಿ ನಾಲ್ಕು. ಒಟ್ಟು ಹತ್ತು ಮನೆಯ ಮೆಟ್ಟಿಲು. "ಉದ್ದದಷ್ಟು ತುಂಬು" ಅಂತ ಒಂದು ಬ್ಲಾಕ್ ಹೊಸದಾಗಿ ಕೊಟ್ಟೆ: ಸ್ಲೇಟು ನೋಡು, ಅಷ್ಟು ಮನೆ ಎಡದಿಂದ ತುಂಬು. ಲೂಪಿನೊಳಗೆ ಇನ್ನೊಂದು ಲೂಪ್ ಇಟ್ಟರೂ ಇದೇ ಕೆಲಸ ಆಗುತ್ತೆ, ಆದರೆ ಹತ್ತು ವರ್ಷದ ಮಕ್ಕಳಿಗೆ ಎರಡು ಹೊಸದನ್ನು ಒಂದೇ ದಿನ ಕೊಡಬಾರದು.

```
ಉದ್ದ 1 ಆಗಲಿ
4 ಸಲ ಮಾಡು
    ಉದ್ದದಷ್ಟು ತುಂಬು
    ಕೆಳಸಾಲು
    ಉದ್ದಕ್ಕೆ 1 ಸೇರಿಸು
```

ಎರಡು ಜೋಡಿಗೆ ಮೆಟ್ಟಿಲು ಬರಲಿಲ್ಲ. ಇಬ್ಬರದ್ದೂ ಒಂದೇ ಚಿತ್ರ: ನಾಲ್ಕು ಸಾಲಿನಲ್ಲೂ ಒಂದೊಂದೇ ಮನೆ, ಕಂಬದ ಹಾಗೆ. ಕೊನೆಗೆ ಸ್ಲೇಟಿನಲ್ಲಿ ಇದ್ದದ್ದೂ ಇಬ್ಬರದ್ದೂ 2. ಒಂದೇ ಚಿತ್ರ, ಒಂದೇ ಕೊನೇ ಸಂಖ್ಯೆ. ಹಾಗಾದರೆ ಒಂದೇ ತಪ್ಪು ಅಂದುಕೊಂಡೆ. ಅಲ್ಲ.

ಇಲ್ಲಿ ನನ್ನ ಕೆಲಸ ಸಹಾಯಕ್ಕೆ ಬಂತು. ನಿಮ್ಮ ಖಾತೆಯಲ್ಲಿ ಈಗ ಎಷ್ಟಿದೆ ಅನ್ನೋದು ಸ್ಲೇಟು. ಅಷ್ಟಕ್ಕೆ ಹೇಗೆ ಬಂತು ಅನ್ನೋದು ಪಾಸ್‌ಬುಕ್. ಬ್ಯಾಲೆನ್ಸ್ ತಪ್ಪು ಅಂತ ಜಗಳಕ್ಕೆ ಬಂದವರಿಗೆ ಬ್ಯಾಲೆನ್ಸ್ ತೋರಿಸಿ ಪ್ರಯೋಜನ ಇಲ್ಲ, ಎಂಟ್ರಿ ತೋರಿಸಬೇಕು. ಯಂತ್ರವಾದ ಮಗುವಿನ ಪಕ್ಕ ಇನ್ನೊಬ್ಬರನ್ನು ಗುಮಾಸ್ತನಾಗಿ ಕೂರಿಸಿದೆ. ಸ್ಲೇಟಿನಲ್ಲಿ ಪ್ರತಿ ಸಲ ಬರೆದಾಗಲೂ ಗುಮಾಸ್ತ ನೋಟ್‌ಬುಕ್ಕಿನಲ್ಲಿ ಆ ಸಂಖ್ಯೆ ಬರೀಬೇಕು, ಒರೆಸಬಾರದು.

ಮೊದಲ ಜೋಡಿಯ ಪಾಸ್‌ಬುಕ್: 1, 2, 1, 2, 1, 2, 1, 2. ಎಂಟು ಎಂಟ್ರಿ. ಎರಡನೇ ಜೋಡಿಯ ಪಾಸ್‌ಬುಕ್: 1, 2. ಎರಡೇ ಎಂಟ್ರಿ.

ಓದಿದರೆ ರೋಗ ತಾನೇ ಕಾಣುತ್ತೆ. ಮೊದಲ ಜೋಡಿ "ಉದ್ದ 1 ಆಗಲಿ" ಅನ್ನೋದನ್ನು ಬಾಯಿಯ ಒಳಗೆ ಇಟ್ಟಿದ್ದರು. ಪ್ರತಿ ಸುತ್ತಿನಲ್ಲೂ 2 ಆಗುತ್ತೆ, ಮುಂದಿನ ಸುತ್ತು ಶುರುವಾಗುತ್ತಲೇ ಮತ್ತೆ 1 ಆಗುತ್ತೆ. ತಿಂಗಳೆಲ್ಲ ಉಳಿಸಿ ಒಂದನೇ ತಾರೀಕು ಖಾಲಿ ಮಾಡೋ ಖಾತೆಯ ಹಾಗೆ. ಎರಡನೇ ಜೋಡಿ "ಉದ್ದಕ್ಕೆ 1 ಸೇರಿಸು" ಅನ್ನೋದನ್ನು ಬಾಯಿಯ ಹೊರಗೆ, ಕೆಳಗೆ ಇಟ್ಟಿದ್ದರು. ನಾಲ್ಕು ಸುತ್ತೂ ಮುಗಿದ ಮೇಲೆ ಒಂದೇ ಸಲ ಜಮಾ. ಚಿತ್ರ ಮುಚ್ಚಿಟ್ಟಿದ್ದನ್ನು ಪಾಸ್‌ಬುಕ್ ಹೇಳಿತು.

ಪಾಸ್‌ಬುಕ್ಕಿಗೂ ಮಿತಿ ಇದೆ, ಅದನ್ನೂ ಮೂರನೇ ಜೋಡಿ ತೋರಿಸಿಕೊಟ್ಟಿತು. ಅವರಿಗೆ ಮೆಟ್ಟಿಲು ಬಂದಿತ್ತು, ಆದರೆ 2, 3, 4, 5 ಅಂತ, ಒಟ್ಟು ಹದಿನಾಲ್ಕು ಮನೆ. ಪಾಸ್‌ಬುಕ್ ನೋಡಿದರೆ 1, 2, 3, 4, 5. ಸರಿಯಾಗಿ ಮಾಡಿದವರದ್ದೂ ಅದೇ 1, 2, 3, 4, 5! ಸಂಖ್ಯೆ ಸರಿ, ತುಂಬಿದ ಹೊತ್ತು ತಪ್ಪು: ಸೇರಿಸಿದ ಮೇಲೆ ತುಂಬಿದ್ದಾರೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮೊತ್ತದ ಪಕ್ಕ ವಿವರದ ಕಾಲಮ್ ಯಾಕಿದೆ ಅಂತ ಆಗ ಮಕ್ಕಳಿಗೆ ಅರ್ಥವಾಯ್ತು. ಅವತ್ತಿನಿಂದ ಪಾಸ್‌ಬುಕ್ಕಿಗೆ ಎರಡು ಕಾಲಮ್, ಒಂದು ಸ್ಲೇಟಿನ ಸಂಖ್ಯೆ, ಇನ್ನೊಂದು ಆಗ ತುಂಬಿದ ಮನೆ.

ಮಕ್ಕಳಿಗೆ ವಿಷಯ ಹಿಡಿದಿದೆಯಾ ಅಂತ ತಿಳಿಯೋಕೆ ನಾನು ಕೇಳೋದು ಒಂದೇ ಪ್ರಶ್ನೆ: ಸರಿಯಾದ ಬ್ಲಾಕ್ ಪೂರ್ತಿ ನಡೆದ ಮೇಲೆ ಸ್ಲೇಟಿನಲ್ಲಿ ಎಷ್ಟಿರುತ್ತೆ? ಚಿತ್ರ ನೋಡಿ ಹೇಳೋ ಮಗು "ನಾಲ್ಕು" ಅನ್ನುತ್ತೆ. ಬ್ಲಾಕ್ ಓದಿ ಹೇಳೋ ಮಗು "ಐದು" ಅನ್ನುತ್ತೆ. ಕೊನೇ ಸಾಲು ತುಂಬಿದ ಮೇಲೂ ಒಂದು ಸೇರಿಸಿದೆವಲ್ಲ. ಹದಿಮೂರನೇ ಮನೆಗೆ ಹೋದ ಬೀಜದ ಕಥೆಯೇ ಇದು. ನೆನಪಿದ್ದ ಮಗು ತಕ್ಷಣ ಹೇಳುತ್ತೆ. ಐದು ಅಂದವರಿಗೆ ಮುಂದಿನ ಒಗಟು: "1 ಸೇರಿಸು" ಬದಲು "2 ಸೇರಿಸು" ಹಾಕಿದರೆ? 1, 3, 5, 7 ಅಂತ ಹದಿನಾರು ಮನೆ. ಬೀಜ ಮುಟ್ಟದೆ ಹೇಳಬೇಕು.

ಆಮೇಲೆ ಕಂಪ್ಯೂಟರ್

ಐದನೇ ವಾರ ಒಂದು ಹಳೇ ಲ್ಯಾಪ್‌ಟಾಪಿನಲ್ಲಿ ಸ್ಕ್ರ್ಯಾಚ್ ತೆರೆದೆವು. ಎಂಐಟಿಯವರು 2007ರಲ್ಲಿ ಬಿಡುಗಡೆ ಮಾಡಿದ್ದು, ಪುಕ್ಕಟೆ, ಒಂದು ಸಲ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತೆ. ಮಕ್ಕಳು ತಾವೇ ಹೊಂದಿಸಿಕೊಂಡರು. ಬಾಯಿ ತೆರೆದ ಬ್ಲಾಕ್ ಅಲ್ಲಿ `repeat`, "ಆಗಲಿ" ಅಲ್ಲಿ `set ... to`, "ಸೇರಿಸು" ಅಲ್ಲಿ `change ... by`. ಆಕಾರವೂ ಹೆಚ್ಚುಕಡಿಮೆ ಅದೇ, ಯಾಕಂದರೆ ನಮ್ಮ ರಟ್ಟು ಕತ್ತರಿಸಿದ್ದೇ ಅದನ್ನು ನೋಡಿ.

ಕಾಗದದಲ್ಲೇ ಉಳಿಯಿರಿ ಅಂತ ನಾನು ಹೇಳ್ತಿಲ್ಲ. ಐದಾರು ವಾರ ದಾಟಿದರೆ ಬೀಜ ಸರಿಸೋದು ಮಕ್ಕಳಿಗೆ ಬೇಜಾರು. ನೂರು ಸುತ್ತಿನ ಲೂಪನ್ನು ಕೈಯಲ್ಲಿ ಮಾಡೋಕಾಗಲ್ಲ. ಕರುಣೆಯಿಲ್ಲದ ಯಂತ್ರ ಕೊನೆಗೂ ಬೇಕೇ ಬೇಕು. ಆದರೆ ಪರದೆಯ ಮುಂದೆ ಮೊದಲೇ ಕೂತ ಮಗು ಹಸಿರು ಬಾವುಟ ಒತ್ತುತ್ತೆ, ಬರಲಿಲ್ಲ ಅಂದರೆ ಬ್ಲಾಕ್ ಆಚೆ ಈಚೆ ಮಾಡಿ ಮತ್ತೆ ಒತ್ತುತ್ತೆ, ಹೇಗೋ ಬಂದರೆ ಸಾಕು ಅನ್ನುತ್ತೆ. ಕಂಬ ಯಾಕೆ ಬಂತು ಅಂತ ಕೇಳೋ ಪುರುಸೊತ್ತು ಅಲ್ಲಿಲ್ಲ. ಕಾಗದದಲ್ಲಿ ಒಂದು ತಪ್ಪಿಗೆ ಹತ್ತು ನಿಮಿಷ ಖರ್ಚು, ಆದ್ದರಿಂದ ನಡೆಸೋ ಮೊದಲು ಯೋಚಿಸಲೇಬೇಕು.

ಖರ್ಚಿನ ಲೆಕ್ಕ ಕೇಳ್ತೀರಾ? ಹಳೇ ಸೀರೆ ಪೆಟ್ಟಿಗೆಯ ರಟ್ಟು, ಗ್ರಾಫ್ ನೋಟ್‌ಬುಕ್ಕು, ನಾಲ್ಕು ಸ್ಲೇಟು, ಅಡುಗೆಮನೆಯ ಹುಣಸೆ ಬೀಜ. ಊರಲ್ಲಿ ನಿಮಗೆ ಭಾನುವಾರ ಒಂದು ಗಂಟೆ ಬಿಡುವಿದ್ದರೆ ಪಕ್ಕದ ಮನೆಯ ಇಬ್ಬರು ಮಕ್ಕಳಿಂದ ಶುರು ಮಾಡಿ. ಲೂಪಿಗೆ ಅವಸರ ಬೇಡ, "ಇದೇ ಇದೇ ತಾನೆ" ಅನ್ನೋವರೆಗೆ ಕಾಯಿರಿ. ಬೆಂಕಿಪೊಟ್ಟಣ ಮಾತ್ರ ತಗೊಂಡು ಹೋಗಬೇಡಿ.

ಆ ನೇಕಾರರ ಮಗಳ ವಿಷಯ ಹೇಳೋದು ಮರೆತೆ. ಕ್ಲಾಸು ಎರಡು ತಿಂಗಳಿಗೆ ಬಿಟ್ಟಳು. ಈಗ ನಮ್ಮ ಗುಂಪಿನಲ್ಲಿ ಗುಮಾಸ್ತಿ. ಎಂಟ್ರಿ ಒಂದೂ ತಪ್ಪಲ್ಲ.